ಕಿಲೋಮೀಟರ್‌ಗೆ 27 ಪೈಸೆ: ಎಲೆಕ್ಟ್ರಿಕ್ ಸ್ಕೂಟರ್ ಲೆಕ್ಕ ಎಲ್ಲಿ ಸರಿ, ಎಲ್ಲಿ ಕೈಕೊಡುತ್ತದೆ

ಕಳೆದ ವರ್ಷ ನನ್ನ ತಂಗಿ ಎಲೆಕ್ಟ್ರಿಕ್ ಸ್ಕೂಟರ್ ತೆಗೆದುಕೊಂಡಳು. ಬನಶಂಕರಿಯಿಂದ ಕೋರಮಂಗಲದ ಆಫೀಸಿಗೆ ಹೋಗಿ ಬರುವುದು, ದಾರಿಯಲ್ಲಿ ತರಕಾರಿ, ಸಂಜೆ ಮಗಳ ಟ್ಯೂಷನ್. ಎಲ್ಲ ಸೇರಿ ದಿನಕ್ಕೆ 25 ಕಿಲೋಮೀಟರ್ ಓಡಾಟ. ಶೋರೂಮಿನ ಹುಡುಗ "ಕಿಲೋಮೀಟರ್‌ಗೆ ಬರೀ 17 ಪೈಸೆ ಮೇಡಂ" ಅಂದನಂತೆ. ಪಕ್ಕದ ಮನೆಯ ಅಂಕಲ್ ಮಾತ್ರ "ಬ್ಯಾಟರಿ ಹೋದಾಗ ಗೊತ್ತಾಗುತ್ತೆ ಬಿಡಮ್ಮ" ಅಂದರಂತೆ. ಇಬ್ಬರ ಮಾತಿನಲ್ಲೂ ಅರ್ಧ ನಿಜ ಇದೆ. ಉಳಿದರ್ಧ ಎಲ್ಲಿದೆ ಅಂತ ನೋಡಲು ಒಂದು ಭಾನುವಾರ ಕರೆಂಟ್ ಬಿಲ್, ಪೆನ್ನು, ಮೊಬೈಲ್ ಕ್ಯಾಲ್ಕುಲೇಟರ್ ಹಿಡಿದು ಕೂತೆವು.

## ಮೊದಲು ಪೆಟ್ರೋಲ್ ಸ್ಕೂಟರ್

ಇದು ಸುಲಭದ ಲೆಕ್ಕ. ಒಂದು ಲೀಟರ್ ಪೆಟ್ರೋಲ್ ಬೆಲೆಯನ್ನು ಒಂದು ಲೀಟರ್‌ಗೆ ಗಾಡಿ ಎಷ್ಟು ದೂರ ಓಡುತ್ತದೋ ಆ ಸಂಖ್ಯೆಯಿಂದ ಭಾಗಿಸಿದರೆ ಆಯಿತು. 2025ರಲ್ಲಿ ಬೆಂಗಳೂರಿನಲ್ಲಿ ಪೆಟ್ರೋಲ್ ಲೀಟರ್‌ಗೆ 103 ರೂಪಾಯಿ ಆಸುಪಾಸಿನಲ್ಲಿತ್ತು. ತಂಗಿಯ ಹಳೇ 110 ಸಿಸಿ ಸ್ಕೂಟರ್ ಊರೊಳಗೆ 45 ಕಿಲೋಮೀಟರ್ ಕೊಡುತ್ತಿತ್ತು. 103 ಭಾಗಿಸು 45, ಅಂದರೆ ಕಿಲೋಮೀಟರ್‌ಗೆ 2 ರೂಪಾಯಿ 29 ಪೈಸೆ.

ಇಲ್ಲಿ ಹೆಚ್ಚಿನವರು ಎಡವುವುದು ಮೈಲೇಜ್‌ನಲ್ಲಿ. ಕೇಳಿದರೆ ಎಲ್ಲರ ಗಾಡಿಯೂ 55 ಕೊಡುತ್ತದೆ! ಅದು ಖಾಲಿ ರಸ್ತೆಯಲ್ಲಿ ಒಮ್ಮೆ ಸಿಕ್ಕಿದ್ದ ಮೈಲೇಜ್ ಇರಬಹುದು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತು ಹೊರಡುವ ಗಾಡಿಗೆ ಅಷ್ಟು ಬರುವುದಿಲ್ಲ. ನಿಜವಾದ ಸಂಖ್ಯೆ ಬೇಕಿದ್ದರೆ ಟ್ಯಾಂಕ್ ಫುಲ್ ಮಾಡಿಸಿ, ಪಂಪಿನ ನಳಿಕೆ ತಾನಾಗಿ ನಿಂತಾಗ ಸಾಕು ಅನ್ನಿ. ಆಗ ಮೀಟರ್‌ನಲ್ಲಿ ಎಷ್ಟು ಕಿಲೋಮೀಟರ್ ಆಗಿದೆ ಎಂದು ಬರೆದಿಟ್ಟುಕೊಳ್ಳಿ. 180 ಕಿಲೋಮೀಟರ್ ಓಡಿಸಿ, ಅದೇ ಬಂಕಿಗೆ ಹೋಗಿ ಮತ್ತೆ ಅದೇ ಥರ ಫುಲ್ ಮಾಡಿಸಿ. ಈ ಸಲ 4 ಲೀಟರ್ ಹಿಡಿಸಿದರೆ ನಿಮ್ಮ ಮೈಲೇಜ್ 45.

ಇದಕ್ಕೆ ಇಷ್ಟು ಒತ್ತು ಯಾಕೆ ಅಂದರೆ, ಮೈಲೇಜ್ 45ರ ಬದಲು 55 ಅಂದುಕೊಂಡರೆ ಖರ್ಚು 1 ರೂಪಾಯಿ 87 ಪೈಸೆಗೆ ಇಳಿಯುತ್ತದೆ. ವ್ಯತ್ಯಾಸ 42 ಪೈಸೆ. ಎಲೆಕ್ಟ್ರಿಕ್ ಸ್ಕೂಟರ್‌ನ ಪೂರ್ತಿ ಕರೆಂಟ್ ಖರ್ಚೇ ಅಷ್ಟಿಲ್ಲ ಅನ್ನುವುದನ್ನು ಮುಂದೆ ನೋಡೋಣ.

## ಎಲೆಕ್ಟ್ರಿಕ್ ಗಾಡಿಯ 'ಮೈಲೇಜ್' ಯಾವುದು?

ಇಲ್ಲಿ ಲೀಟರ್ ಜಾಗಕ್ಕೆ ಯೂನಿಟ್ ಬರುತ್ತದೆ. ಸಾವಿರ ವ್ಯಾಟ್‌ನ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಬಚ್ಚಲಿನ 2,000 ವ್ಯಾಟ್ ಗೀಸರ್ ಅರ್ಧ ಗಂಟೆಯಲ್ಲಿ ಒಂದು ಯೂನಿಟ್ ಮುಗಿಸುತ್ತದೆ. ಕಂಪನಿಯವರು ಹೇಳುವ ಕಿಲೋವ್ಯಾಟ್ ಅವರ್ ಅಂದರೂ ಇದೇ ಯೂನಿಟ್. 3 ಕಿಲೋವ್ಯಾಟ್ ಅವರ್ ಬ್ಯಾಟರಿ ಅಂದರೆ 3 ಯೂನಿಟ್ ಹಿಡಿಸುವ ಡಬ್ಬಿ ಅಂದುಕೊಳ್ಳಿ.

ಶೋರೂಮಿನ ಹುಡುಗ ಲೆಕ್ಕ ಹಾಕಿದ್ದು ಹೀಗಿರಬೇಕು: ಬ್ಯಾಟರಿ 3 ಯೂನಿಟ್, ಕಾಗದದ ಮೇಲಿನ ರೇಂಜ್ 120 ಕಿಲೋಮೀಟರ್. ಭಾಗಿಸಿದರೆ ಕಿಲೋಮೀಟರ್‌ಗೆ 0.025 ಯೂನಿಟ್. ಯೂನಿಟ್‌ಗೆ 6 ರೂಪಾಯಿ 70 ಪೈಸೆ ಹಿಡಿದರೆ ಸರಿಯಾಗಿ 17 ಪೈಸೆ ಬರುತ್ತದೆ. ಕೂಡಿಸಿ ಕಳೆಯುವುದರಲ್ಲಿ ತಪ್ಪಿಲ್ಲ. ಆದರೆ ಹಿಡಿದ 120 ಕಿಲೋಮೀಟರ್, 3 ಯೂನಿಟ್ ಎರಡೂ ನಿಮ್ಮ ಮನೆಯವಲ್ಲ.

ಮೊದಲನೆಯದಾಗಿ, ಕಾಗದದ ರೇಂಜ್ ಪ್ರಯೋಗಶಾಲೆಯಲ್ಲಿ ನಿಗದಿತ ರೀತಿಯಲ್ಲಿ ಓಡಿಸಿ ಅಳೆದದ್ದು. ಹಿಂದೆ ಕೂತವರು, ಫ್ಲೈಓವರ್ ಏರು, ಎದುರುಗಾಳಿ, ಜೋರಾಗಿ ಹೋಗುವ ಮೋಡ್ ಯಾವುದೂ ಅದರಲ್ಲಿಲ್ಲ. ತಂಗಿಯ ಗಾಡಿಗೆ ನಿಜಕ್ಕೂ ಸಿಗುವುದು 85ರಿಂದ 90 ಕಿಲೋಮೀಟರ್.

ಎರಡನೆಯದು ಜಾಸ್ತಿ ಜನರ ಕಣ್ಣಿಗೆ ಬೀಳದ ವಿಷಯ. ಬ್ಯಾಟರಿಗೆ 3 ಯೂನಿಟ್ ಸೇರಬೇಕಾದರೆ ಗೋಡೆಯ ಪ್ಲಗ್‌ನಿಂದ 3 ಯೂನಿಟ್ ತೆಗೆದರೆ ಸಾಲದು. ಕೊಡದಿಂದ ಸಣ್ಣ ಬಾಯಿಯ ಬಾಟಲಿಗೆ ನೀರು ಸುರಿದ ಹಾಗೆ, ಸ್ವಲ್ಪ ಹೊರಗೆ ಚೆಲ್ಲುತ್ತದೆ. ಚಾರ್ಜರ್ ಮುಟ್ಟಿದರೆ ಬಿಸಿ ಇರುತ್ತದಲ್ಲ, ಆ ಬಿಸಿಯೇ ಚೆಲ್ಲಿದ ಕರೆಂಟ್. ಚಾರ್ಜ್ ಆಗುವಾಗ ಬ್ಯಾಟರಿಯೂ ಒಂದಷ್ಟನ್ನು ಬಿಸಿಯಾಗಿ ಕಳೆಯುತ್ತದೆ. ಬಿಲ್ ಬರುವುದು ಬ್ಯಾಟರಿಗೆ ಸೇರಿದ ಲೆಕ್ಕಕ್ಕಲ್ಲ, ಗೋಡೆಯಿಂದ ಹೊರಟ ಲೆಕ್ಕಕ್ಕೆ.

ನಾವು ಅಳೆದದ್ದು ಹೀಗೆ. ಪ್ಲಗ್‌ಗೂ ಚಾರ್ಜರ್‌ಗೂ ಮಧ್ಯೆ ಸಿಕ್ಕಿಸುವ ಸಣ್ಣ ಯೂನಿಟ್ ಮೀಟರ್ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಚಾರ್ಜರ್ ಎಳೆಯುವಷ್ಟು ಆಂಪಿಯರ್ ಅದು ತಡೆಯುತ್ತದೆಯೇ ಎಂದು ಕೇಳಿ ತೆಗೆದುಕೊಳ್ಳಬೇಕು. ಗಾಡಿಯನ್ನು 100 ಪರ್ಸೆಂಟ್ ಚಾರ್ಜ್ ಮಾಡಿ, ಎರಡು ದಿನ ಎಂದಿನಂತೆ 50 ಕಿಲೋಮೀಟರ್ ಓಡಿಸಿ, ಮತ್ತೆ 100ಕ್ಕೆ ತಂದೆವು. ಇದು ಫುಲ್ ಟ್ಯಾಂಕ್ ಲೆಕ್ಕದ ತಮ್ಮನೇ. ಗಾಡಿಯ ಪರದೆ ಕಿಲೋಮೀಟರ್‌ಗೆ 34 ವ್ಯಾಟ್ ಅವರ್ ತೋರಿಸುತ್ತಿತ್ತು, ಅಂದರೆ 50 ಕಿಲೋಮೀಟರ್‌ಗೆ 1.7 ಯೂನಿಟ್. ಗೋಡೆಯ ಮೀಟರ್ ಮಾತ್ರ 2 ಯೂನಿಟ್ ತೋರಿಸಿತು. 0.3 ಯೂನಿಟ್ ದಾರಿಯಲ್ಲೇ ಹೋಗಿದೆ.

ಹಾಗಾಗಿ ಲೆಕ್ಕಕ್ಕೆ ಬೇಕಾದ ಸಂಖ್ಯೆ ಕಿಲೋಮೀಟರ್‌ಗೆ 0.04 ಯೂನಿಟ್, ಅಂದರೆ ಒಂದು ಯೂನಿಟ್‌ಗೆ 25 ಕಿಲೋಮೀಟರ್.

## ಒಂದು ಯೂನಿಟ್‌ಗೆ ಎಷ್ಟು ಹಿಡಿಯಬೇಕು?

ಬಿಲ್‌ನ ಒಟ್ಟು ಮೊತ್ತವನ್ನು ಯೂನಿಟ್‌ನಿಂದ ಭಾಗಿಸಬೇಡಿ. ಎಷ್ಟೋ ಜನ ಹಾಗೆ ಮಾಡಿ "ನಮಗೆ ಯೂನಿಟ್‌ಗೆ 10 ರೂಪಾಯಿ ಬೀಳುತ್ತೆ" ಅನ್ನುತ್ತಾರೆ. ಬಿಲ್‌ನಲ್ಲಿ ನಿಗದಿತ ಶುಲ್ಕ ಎಂದು ಒಂದು ಸಾಲು ಇರುತ್ತದೆ. 2025-26ರಲ್ಲಿ ಮನೆಗಳಿಗೆ ಅದು ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ. ಮಂಜೂರಾದ ಲೋಡ್ ಮೇಲೆ ಬೀಳುವ ಈ ಹಣವನ್ನು ಸ್ಕೂಟರ್ ಇದ್ದರೂ ಇಲ್ಲದಿದ್ದರೂ ಕಟ್ಟಲೇಬೇಕು. ಸ್ಕೂಟರ್ ತಲೆಗೆ ಅದನ್ನು ಕಟ್ಟುವುದು ನ್ಯಾಯವಲ್ಲ.

ಸ್ಕೂಟರ್‌ನಿಂದಾಗಿ ಹೆಚ್ಚಾಗುವುದು ಬಳಕೆಯ ಯೂನಿಟ್ ಮಾತ್ರ. 2025-26ಕ್ಕೆ ಕರ್ನಾಟಕದ ಮನೆಗಳ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಅದರ ಮೇಲೆ ಶೇಕಡ 9ರ ವಿದ್ಯುತ್ ತೆರಿಗೆ, ಅಂದರೆ 52 ಪೈಸೆ. ಪಿಂಚಣಿ ಮತ್ತು ಗ್ರಾಚ್ಯುಟಿ ಹೆಸರಿನ ಸರ್‌ಚಾರ್ಜ್ 36 ಪೈಸೆ. ಒಟ್ಟು 6 ರೂಪಾಯಿ 68 ಪೈಸೆ, ನಾವು 6.70 ಅಂತ ಹಿಡಿದೆವು. ಇಂಧನ ಹೊಂದಾಣಿಕೆ ಹೆಸರಿನಲ್ಲಿ ತಿಂಗಳಿಗೊಂದು ಥರ ಕೆಲವು ಪೈಸೆ ಆಚೀಚೆ ಆಗುತ್ತದೆ. ಅದು ನಮ್ಮ ಉತ್ತರವನ್ನು ಅಲುಗಾಡಿಸುವಷ್ಟಿಲ್ಲ.

ಈಗ 0.04 ಗುಣಿಸು 6.70. ಕಿಲೋಮೀಟರ್‌ಗೆ 27 ಪೈಸೆ.

ಒಂದು ಕಡೆ 2 ರೂಪಾಯಿ 29 ಪೈಸೆ, ಇನ್ನೊಂದು ಕಡೆ 27 ಪೈಸೆ. ತಂಗಿ ತಿಂಗಳಿಗೆ 26 ದಿನ, ಅಂದರೆ 650 ಕಿಲೋಮೀಟರ್ ಓಡಿಸುತ್ತಾಳೆ. ಪೆಟ್ರೋಲ್ ಆಗಿದ್ದರೆ ಸುಮಾರು 1,490 ರೂಪಾಯಿ. ಕರೆಂಟ್ ಆದರೆ 26 ಯೂನಿಟ್, 174 ರೂಪಾಯಿ.

## ಎಂಟೂವರೆ ಪಟ್ಟು ಅಂತರ ಬಂದದ್ದು ಹೇಗೆ?

ಕರೆಂಟ್ ಅಗ್ಗ, ಪೆಟ್ರೋಲ್ ದುಬಾರಿ ಎಂದು ಸುಮ್ನೆ ಹೇಳಿಬಿಡಬಹುದು. ಆದರೆ ಬೆಲೆಯ ಅಂತರ ಅಷ್ಟೇನೂ ದೊಡ್ಡದಲ್ಲ. ಒಂದು ಲೀಟರ್ ಪೆಟ್ರೋಲ್ ಒಳಗೆ ಸುಮಾರು 9 ಯೂನಿಟ್‌ನಷ್ಟು ಶಕ್ತಿ ಅಡಗಿದೆ. 103 ರೂಪಾಯಿಯನ್ನು 9ರಿಂದ ಭಾಗಿಸಿದರೆ ಯೂನಿಟ್‌ಗೆ 11 ರೂಪಾಯಿ 40 ಪೈಸೆ ಆಯಿತು. ಕರೆಂಟ್‌ನ 6.70ಕ್ಕೆ ಹೋಲಿಸಿದರೆ ಒಂದೂಮುಕ್ಕಾಲು ಪಟ್ಟಿಗಿಂತ ಕಡಿಮೆ.

ದೊಡ್ಡ ಅಂತರ ಇರುವುದು ಆ ಶಕ್ತಿ ಎಲ್ಲಿ ಹೋಗುತ್ತದೆ ಎನ್ನುವುದರಲ್ಲಿ. ಪೆಟ್ರೋಲ್ ಸ್ಕೂಟರ್ 9 ಯೂನಿಟ್ ಸುಟ್ಟು 45 ಕಿಲೋಮೀಟರ್ ಹೋಗುತ್ತದೆ, ಕಿಲೋಮೀಟರ್‌ಗೆ 0.2 ಯೂನಿಟ್. ಎಲೆಕ್ಟ್ರಿಕ್‌ಗೆ 0.04 ಸಾಕು. ಸರಿಯಾಗಿ ಐದು ಪಟ್ಟು. ಉಳಿದ ಶಕ್ತಿಯನ್ನು ನೀವು ಕೈಯಿಂದಲೇ ಮುಟ್ಟಬಹುದು, ಮುಟ್ಟಬೇಡಿ ಅಷ್ಟೇ. ಓಡಿಸಿ ಬಂದ ಗಾಡಿಯ ಸೈಲೆನ್ಸರ್‌ಗೆ ಕಾಲು ತಾಗಿ ಸುಟ್ಟುಕೊಂಡವರಿಗೆ ಗೊತ್ತು. ಎಂಜಿನ್ ಪೆಟ್ರೋಲಿನ ಹೆಚ್ಚಿನ ಪಾಲನ್ನು ಬಿಸಿ ಮಾಡಿ ಗಾಳಿಗೆ ಬಿಡುತ್ತದೆ. ಸಿಗ್ನಲ್‌ನಲ್ಲಿ ಆಫ್ ಮಾಡದೆ ನಿಂತರಂತೂ ಒಂದು ಅಡಿಯೂ ಮುಂದೆ ಹೋಗದೆ ಕುಡಿಯುತ್ತಿರುತ್ತದೆ. ಮೋಟರ್‌ಗೆ ಆ ಚಾಳಿ ಇಲ್ಲ. ನಿಂತಾಗ ಅದು ನಿಂತೇಬಿಡುತ್ತದೆ, ಲೈಟು ಮತ್ತು ಪರದೆಗೆ ಒಂದಿಷ್ಟು ಕರೆಂಟ್ ಹೋಗುತ್ತದೆ ಅಷ್ಟೆ.

ಬೆಲೆಯ 1.7 ಪಟ್ಟು, ಶಕ್ತಿಯ 5 ಪಟ್ಟು. ಗುಣಿಸಿದರೆ ಎಂಟೂವರೆ. ಹಾಗಾಗಿ ಪೆಟ್ರೋಲ್ 10 ರೂಪಾಯಿ ಇಳಿದರೂ ಈ ಅಂತರ ಮುಚ್ಚುವುದಿಲ್ಲ.

## ಗೃಹಜ್ಯೋತಿ ಮನೆಯಲ್ಲಿ ಲೆಕ್ಕವೇ ಬೇರೆ

ಇಷ್ಟಾದ ಮೇಲೆ ತಂಗಿಯ ಮನೆಯ ಕರೆಂಟ್ ಬಿಲ್ ತೆಗೆದು ನೋಡಿದೆವು. ಅಲ್ಲಿ ನಮ್ಮ 27 ಪೈಸೆಗೆ ಜಾಗವೇ ಇರಲಿಲ್ಲ.

ಗೃಹಜ್ಯೋತಿ ಅಂದರೆ 200 ಯೂನಿಟ್‌ವರೆಗೆ ಎಲ್ಲರಿಗೂ ಉಚಿತ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇಕಡ 10 ಸೇರಿಸಿದರೆ ಬರುವುದು ನಿಮ್ಮ ಉಚಿತ ಮಿತಿ. ಬಹಳ ಕಡಿಮೆ ಬಳಸುವ ಮನೆಗಳಿಗೆ ಶೇಕಡ 10ರ ಬದಲು 10 ಯೂನಿಟ್ ಸೇರಿಸುತ್ತಾರೆ. ಮಿತಿ ದಾಟಿ 200ರ ಒಳಗಿದ್ದರೆ ದಾಟಿದ ಯೂನಿಟ್‌ಗೆ ಮಾತ್ರ ಹಣ. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ.

ತಂಗಿಯ ಮನೆಯ ಹಳೇ ಸರಾಸರಿ 164 ಯೂನಿಟ್, ಹಾಗಾಗಿ ಉಚಿತ ಮಿತಿ 180. ಸ್ಕೂಟರ್ ಬರುವ ಮೊದಲು ಬಳಕೆ 175 ಇತ್ತು, ಬಿಲ್ ಸೊನ್ನೆ. ಸ್ಕೂಟರ್‌ನ 26 ಯೂನಿಟ್ ಸೇರಿದರೆ 201.

ಒಂದೇ ಒಂದು ಯೂನಿಟ್ ಜಾಸ್ತಿ! 201 ಯೂನಿಟ್‌ಗೆ 6.70ರಂತೆ 1,347 ರೂಪಾಯಿ. ಎರಡು ಕಿಲೋವ್ಯಾಟ್ ಲೋಡ್‌ನ ನಿಗದಿತ ಶುಲ್ಕ 290. ಒಟ್ಟು 1,637 ರೂಪಾಯಿ. ಮೊದಲು ಸೊನ್ನೆ ಬರುತ್ತಿದ್ದ ಬಿಲ್ ಇಷ್ಟಾಗಿದ್ದು ಸ್ಕೂಟರ್‌ನಿಂದ, ಹಾಗಾಗಿ ಇಡೀ ಮೊತ್ತ ಅದರ ಲೆಕ್ಕಕ್ಕೇ ಸೇರಬೇಕು. 650 ಕಿಲೋಮೀಟರ್‌ಗೆ ಹಂಚಿದರೆ ಕಿಲೋಮೀಟರ್‌ಗೆ 2 ರೂಪಾಯಿ 52 ಪೈಸೆ. ಪೆಟ್ರೋಲ್‌ಗಿಂತ ಜಾಸ್ತಿ.

ಅದೇ ತಿಂಗಳು ಎರಡು ಯೂನಿಟ್ ಉಳಿಸಿ 199ಕ್ಕೆ ನಿಲ್ಲಿಸಿದ್ದರೆ? 180 ದಾಟಿದ 19 ಯೂನಿಟ್‌ಗೆ ಮಾತ್ರ ಹಣ, ಸುಮಾರು 130 ರೂಪಾಯಿ. ಕಿಲೋಮೀಟರ್‌ಗೆ 20 ಪೈಸೆ. ಎರಡು ಯೂನಿಟ್ ಅಂದರೆ ಗೀಸರ್ ಒಂದು ಗಂಟೆ, ಇಡೀ ತಿಂಗಳಿಗೆ. ತಂಗಿ ಈಗ ಗೀಸರ್ ಸ್ವಿಚ್ ಪಕ್ಕ ಒಂದು ಚೀಟಿ ಅಂಟಿಸಿದ್ದಾಳೆ, ತಿಂಗಳ ಕೊನೆಯ ವಾರ ಮೀಟರ್ ನೋಡಿ ಆಮೇಲೆ ಸ್ನಾನ.

ಇದಕ್ಕೆ ತಿರುಗಾಮುರುಗಾ ಮನೆಯೂ ಇದೆ. ಉಚಿತ ಮಿತಿ 150 ಇದ್ದು ಬಳಕೆ 120 ಇದ್ದರೆ, 26 ಸೇರಿಸಿದರೂ 146. ಅಂಥವರಿಗೆ ಸ್ಕೂಟರ್ ಓಡಾಟ ಅಕ್ಷರಶಃ ಪುಕ್ಕಟೆ. ಹಾಗಾಗಿ ಗಾಡಿ ಕೊಳ್ಳುವ ಮೊದಲು ಕಂಪನಿಯ ಕಾಗದಕ್ಕಿಂತ ನಿಮ್ಮ ಹಳೇ ಕರೆಂಟ್ ಬಿಲ್ ಓದುವುದು ಹೆಚ್ಚು ಉಪಯೋಗ.

ಬೇರೆ ಮೀಟರ್ ಇಲ್ಲದ ಬಾಡಿಗೆ ಮನೆಯಲ್ಲಿ, ಪಿಜಿಯಲ್ಲಿ ಇರುವವರಿಗೆ ಮಾಲೀಕರು ಹೇಳಿದ್ದೇ ದರ. ಯೂನಿಟ್‌ಗೆ 10 ರೂಪಾಯಿ ಅಂದರೆ ಕಿಲೋಮೀಟರ್‌ಗೆ 40 ಪೈಸೆ. ರಸ್ತೆ ಬದಿಯ ಫಾಸ್ಟ್ ಚಾರ್ಜರ್‌ನಲ್ಲಿ ದರದ ಮೇಲೆ ಶೇಕಡ 18 ಜಿಎಸ್‌ಟಿ ಸೇರುತ್ತದೆ. ಎಲ್ಲ ಸೇರಿ ಯೂನಿಟ್‌ಗೆ 20 ರೂಪಾಯಿ ಬಿತ್ತು ಅಂದುಕೊಳ್ಳಿ, ಆಗಲೂ ಕಿಲೋಮೀಟರ್‌ಗೆ 80 ಪೈಸೆ ಅಷ್ಟೆ.

## ಪಕ್ಕದ ಮನೆ ಅಂಕಲ್ ಮಾತು

ಈಗ ಬ್ಯಾಟರಿಗೆ ಬರೋಣ. ಇಲ್ಲಿಯವರೆಗೆ ಲೆಕ್ಕ ಹಾಕಿದ್ದು ಗಾಡಿಯ ಹೊಟ್ಟೆಪಾಡು ಮಾತ್ರ. ಬ್ಯಾಟರಿ ದಿನಾ ಸ್ವಲ್ಪಸ್ವಲ್ಪ ಸವೆಯುತ್ತದೆ, ಆದರೆ ಆ ಸವೆತಕ್ಕೆ ದಿನಾ ಬಿಲ್ ಬರುವುದಿಲ್ಲ. ಚಪ್ಪಲಿಯ ಅಡಿ ಸವೆದ ಹಾಗೆ, ಒಂದು ದಿನ ಒಟ್ಟಿಗೆ ಗೊತ್ತಾಗುತ್ತದೆ.

ಇದನ್ನು ಕಿಲೋಮೀಟರ್ ಲೆಕ್ಕಕ್ಕೆ ತರುವುದು ಕಷ್ಟವಲ್ಲ. ಹೊಸ ಬ್ಯಾಟರಿಗೆ 60,000 ರೂಪಾಯಿ, ಹಳೆಯದು 60,000 ಕಿಲೋಮೀಟರ್ ಬಾಳಿತು ಎಂದು ಹಿಡಿಯೋಣ. ಲೆಕ್ಕಕ್ಕೆ ಅನುಕೂಲವಾಗಲಿ ಅಂತ ತೆಗೆದುಕೊಂಡ ಸಂಖ್ಯೆಗಳಿವು. ನಿಮ್ಮ ಗಾಡಿಯ ಬ್ಯಾಟರಿ ಬೆಲೆ ಮತ್ತು ವಾರಂಟಿ ಎಷ್ಟು ಕಿಲೋಮೀಟರ್ ಎಂದು ಕೇಳಿ ಅವನ್ನೇ ಹಾಕಿ. ಈ ಲೆಕ್ಕದಲ್ಲಿ ಬ್ಯಾಟರಿಗೆ ಕಿಲೋಮೀಟರ್‌ಗೆ 1 ರೂಪಾಯಿ. ಕರೆಂಟ್‌ನ 27 ಪೈಸೆಯ ಸುಮಾರು ನಾಲ್ಕು ಪಟ್ಟು! ಬ್ಯಾಟರಿ ಬದಲಿಸದೆ ಗಾಡಿ ಮಾರಿದರೂ ಇದು ತಪ್ಪುವುದಿಲ್ಲ, ಕೊಳ್ಳುವವನು ಅಷ್ಟು ಕಡಿಮೆ ಬೆಲೆ ಕೊಡುತ್ತಾನೆ.

ಆದರೆ ಅಂಕಲ್ ಮರೆತದ್ದೂ ಒಂದಿದೆ. ಪೆಟ್ರೋಲ್ ಗಾಡಿಗೂ ಎಂಜಿನ್ ಆಯಿಲ್, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಬೆಲ್ಟ್ ಅಂತ ಖರ್ಚಿದೆ. ಎಲೆಕ್ಟ್ರಿಕ್‌ಗೆ ಅವುಗಳಲ್ಲಿ ಹೆಚ್ಚಿನವು ಇಲ್ಲ. ಬ್ರೇಕ್, ಟೈರ್, ಬೇರಿಂಗ್ ಎರಡಕ್ಕೂ ಇವೆ. ತಂಗಿಯ ಹಳೇ ಸರ್ವಿಸ್ ರಸೀದಿ ಕೂಡಿಸಿದಾಗ ಪೆಟ್ರೋಲ್ ಗಾಡಿಗೆ ಕಿಲೋಮೀಟರ್‌ಗೆ 60 ಪೈಸೆ ಬಂತು. ಹೊಸದಕ್ಕೆ ಅದರ ಅರ್ಧ, 30 ಪೈಸೆ ಹಿಡಿದೆವು.

ಎಲ್ಲ ಸೇರಿದರೆ ಪೆಟ್ರೋಲ್ 2 ರೂಪಾಯಿ 89 ಪೈಸೆ. ಎಲೆಕ್ಟ್ರಿಕ್ 27 ಪೈಸೆ, 30 ಪೈಸೆ, 1 ರೂಪಾಯಿ ಸೇರಿ 1 ರೂಪಾಯಿ 57 ಪೈಸೆ. ಎಂಟೂವರೆ ಪಟ್ಟಿನ ಅಂತರ ಎರಡು ಪಟ್ಟಿಗೂ ಕೆಳಗೆ ಬಂತು. ಉಳಿತಾಯ ಕಿಲೋಮೀಟರ್‌ಗೆ 1 ರೂಪಾಯಿ 32 ಪೈಸೆ. ಗಾಡಿಗೆ 25,000 ಹೆಚ್ಚು ಕೊಟ್ಟಿದ್ದರೆ ಅದು ವಾಪಸ್ ಬರಲು ಸುಮಾರು 19,000 ಕಿಲೋಮೀಟರ್ ಓಡಬೇಕು. ತಂಗಿಯ ಓಟಕ್ಕೆ ಅದು ಎರಡೂವರೆ ವರ್ಷದೊಳಗಿನ ಮಾತು.

## ಕಡಿಮೆ ಓಡಿಸುವವರಿಗೆ

ಬ್ಯಾಟರಿ ಸವೆಯುವುದು ಓಡಿದರೆ ಮಾತ್ರ ಅಲ್ಲ. ನಿಂತಲ್ಲೇ ವಯಸ್ಸೂ ಆಗುತ್ತದೆ. ಬಿಸಿಲಿನಲ್ಲಿ, ಫುಲ್ ಚಾರ್ಜ್ ಆಗಿ ವಾರಗಟ್ಟಲೆ ನಿಂತರೆ ಇನ್ನೂ ಬೇಗ. ಇದು ನಮ್ಮ ಅಪ್ಪನ ವಿಷಯದಲ್ಲಿ ಎದ್ದು ಕಂಡಿತು. ಅವರೂ "ನನಗೂ ಒಂದು ತಗೊಳ್ಳಲಾ?" ಎಂದು ಕೇಳಿದರು. ಅವರ ಓಡಾಟ ದೇವಸ್ಥಾನ, ಮಾರ್ಕೆಟ್, ಗೆಳೆಯರ ಮನೆ. ತಿಂಗಳಿಗೆ 200 ಕಿಲೋಮೀಟರ್ ಆದರೆ ಹೆಚ್ಚು. ಎಂಟು ವರ್ಷಕ್ಕೆ 19,200 ಕಿಲೋಮೀಟರ್. ಅಷ್ಟರಲ್ಲಿ ವಯಸ್ಸಿನಿಂದಲೇ ಬ್ಯಾಟರಿ ಮುಗಿದರೆ, ಅದೇ 60,000 ರೂಪಾಯಿ ಈ ಕಡಿಮೆ ಕಿಲೋಮೀಟರ್‌ಗೆ ಹಂಚಿ, ಕಿಲೋಮೀಟರ್‌ಗೆ 3 ರೂಪಾಯಿ 12 ಪೈಸೆ ಬೀಳುತ್ತದೆ. ಕರೆಂಟ್ ಮತ್ತು ಸರ್ವಿಸ್ ಸೇರಿಸಿದರೆ 3 ರೂಪಾಯಿ 69 ಪೈಸೆ. ಅವರ ಪೆಟ್ರೋಲ್ ಸ್ಕೂಟರ್‌ಗೆ 2 ರೂಪಾಯಿ 89 ಪೈಸೆ.

ಅಪ್ಪ ಚೀಟಿ ನೋಡಿ, ಕನ್ನಡಕ ತೆಗೆದು, "ಹಾಗಾದರೆ ಇದಕ್ಕೆ ಆಯಿಲ್ ಬದಲಾಯಿಸಿ ಎಷ್ಟು ದಿನ ಆಯ್ತು?" ಎಂದು ಕೇಳಿದರು. ಹತ್ತು ತಿಂಗಳಾಗಿತ್ತು.